ಅಡಿಟಿಪ್ಪಣಿಯ ಕೊಂಡಿ ಕಳಚಿದಾಗ

ಕುಂದೆ ಸೀಮೆಯ ಮಂಜೂರಿನ ಯುವತಿಯೊಬ್ಬರು ಬಡಗ ನುಡಿಯನ್ನು ಕುರಿತು ಸಂಶೋಧನ ಪ್ರಬಂಧವೊಂದನ್ನು ಬರೆದು ಮುಗಿಸಿದ್ದರು. ಪ್ರಬಂಧದ ಮೊದಲ ಅಧ್ಯಾಯದಲ್ಲಿಯೇ ಅವರು ಎರಡು ಮಾತುಗಳನ್ನು ಹೇಳಿದ್ದರು. 2011ರ ಜನಗಣತಿಯಲ್ಲಿ ಬಡಗವನ್ನು ತಮ್ಮ ಮಾತೃಭಾಷೆಯೆಂದು ಬರೆಸಿದವರು 1,33,550 ಮಂದಿ ಎಂಬುದು ಒಂದು. ಜನಗಣತಿಯು ಈ ಸಂಖ್ಯೆಯನ್ನು ಕನ್ನಡದ ಒಟ್ಟು ಸಂಖ್ಯೆಯೊಳಗೆ ಸೇರಿಸಿ ತೋರಿಸಿದೆ ಎಂಬುದು ಇನ್ನೊಂದು. ಇವುಗಳಿಗೆ ಆಧಾರವಾಗಿ ಅಡಿಟಿಪ್ಪಣಿಯಲ್ಲಿ ಒಂದು ಜಾಲ ವಿಳಾಸವನ್ನು ಕೊಟ್ಟಿದ್ದರು. ಕರಡನ್ನು ಓದಿದ ಹಿರಿಯರೊಬ್ಬರು ಆ ವಿಳಾಸವನ್ನು ತೆರೆಯಲು ಯತ್ನಿಸಿ, ಅಂಚಿನಲ್ಲಿ ಒಂದೇ ಸಾಲು ಬರೆದು ಹಿಂದಿರುಗಿಸಿದರು: “ಇಲ್ಲಿ ಏನೂ ಇಲ್ಲ. ನೀವು ನೋಡಿದ್ದನ್ನು ನಾನೂ ನೋಡುವಂತೆ ಮಾಡಿ.”

ಆ ಸಾಲಿನಲ್ಲಿ ಅಪನಂಬಿಕೆ ಇರಲಿಲ್ಲ. ಆದರೆ ನೀಲಗಿರಿಯಲ್ಲಿ ಈ ಎರಡು ಮಾತುಗಳು ಸಾಮಾನ್ಯವಾದವುಗಳಲ್ಲ. ಬಡಗವು ಕನ್ನಡದ ಒಂದು ಉಪಭಾಷೆಯೆಂದು ಹೇಳುವವರೂ, ಅದು ತನ್ನದೇ ಆದ ಸ್ವತಂತ್ರ ದ್ರಾವಿಡ ಭಾಷೆಯೆಂದು ಹೇಳುವವರೂ ನಮ್ಮ ಹಟ್ಟಿಗಳಲ್ಲಿ ಇದ್ದಾರೆ. ಎರಡೂ ಪಕ್ಷದವರು ಜನಗಣತಿಯನ್ನೇ ಮುಂದಿಡುತ್ತಾರೆ. ಹೀಗಿರುವಾಗ ಆಧಾರವು ಕಣ್ಣಿಗೆ ಕಾಣದಿದ್ದರೆ, ಬರೆದವರ ಮಾತು ಪಕ್ಷದ ಮಾತಾಗಿ ಬಿಡುತ್ತದೆ.

ಯುವತಿಯು ಕೊಟ್ಟಿದ್ದ ವಿಳಾಸ ಇದು:

```
http://www.censusindia.gov.in/2011Census/Language-2011/Statement-1.pdf
```

2011ರ ಜನಗಣತಿಯ ಭಾಷಾ ಕೋಷ್ಟಕಗಳು ಹೊರಬಂದದ್ದು ಏಳು ವರ್ಷಗಳ ನಂತರ, 2018ರಲ್ಲಿ. ಅಂದಿನಿಂದ ಭಾಷೆಗಳನ್ನು ಕುರಿತ ನೂರಾರು ಲೇಖನಗಳಲ್ಲಿ ಈ ವಿಳಾಸ ಉಲ್ಲೇಖಗೊಂಡಿದೆ. ಅನಂತರ ಜನಗಣತಿಯ ಜಾಲತಾಣವನ್ನು ಹೊಸ ರೂಪದಲ್ಲಿ ಕಟ್ಟಿದರು; ಕೋಷ್ಟಕಗಳು ಹೊಸ ಪಟ್ಟಿಯೊಳಗೆ ಬೇರೆ ವಿಳಾಸಗಳನ್ನು ಪಡೆದವು; ಹಳೆಯ ವಿಳಾಸ ಎಲ್ಲಿಗೂ ಕೊಂಡೊಯ್ಯದಾಯಿತು. ಅಂಕಿಗಳು ಅಳಿಯಲಿಲ್ಲ, ಅವುಗಳನ್ನು ಯಾರೂ ಬಚ್ಚಿಡಲೂ ಇಲ್ಲ. ಕೊಂಡಿ ಮಾತ್ರ ಕಳಚಿತು.

ಮುದ್ರಿತ ಗ್ರಂಥಕ್ಕೆ ಈ ತೊಂದರೆ ಇಲ್ಲ. ಗ್ರಿಗ್ ಅವರು 1880ರಲ್ಲಿ ಪ್ರಕಟಿಸಿದ ನೀಲಗಿರಿ ಜಿಲ್ಲೆಯ ಕೈಪಿಡಿಯನ್ನಾಗಲಿ, ಹಾಕಿಂಗ್ಸ್ ಮತ್ತು ಪಿಲೋ-ರೆಶೂರ್ ಅವರು 1992ರಲ್ಲಿ ಹೊರತಂದ ಬಡಗ-ಇಂಗ್ಲಿಷ್ ನಿಘಂಟನ್ನಾಗಲಿ ಪುಟಸಂಖ್ಯೆಯೊಡನೆ ಉಲ್ಲೇಖಿಸಿದರೆ, ಉದಕಮಂಡಲದ ಪ್ರತಿಯಲ್ಲಿಯೂ ಲಂಡನ್ನಿನ ಪ್ರತಿಯಲ್ಲಿಯೂ ಅದೇ ಪುಟದಲ್ಲಿ ಅದೇ ಸಾಲು ಇರುತ್ತದೆ. ಒಂದು ಗ್ರಂಥಾಲಯ ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಜಾಲಪುಟಕ್ಕೆ ಇರುವುದು ಒಂದೇ ಪ್ರತಿ, ಅದೂ ಪ್ರಕಟಿಸಿದವರ ವಶದಲ್ಲಿ. ಅವರು ಅದನ್ನು ಎತ್ತಿಟ್ಟರೆ ಎಲ್ಲೆಡೆಯೂ ಒಮ್ಮೆಗೇ ಇಲ್ಲವಾಗುತ್ತದೆ. ಹಾರ್ವರ್ಡ್ ಕಾನೂನು ಶಾಲೆಯ ವಿದ್ವಾಂಸರು ಸುಮಾರು ಹನ್ನೆರಡು ವರ್ಷಗಳ ಹಿಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲ ವಿಳಾಸಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ವಿಳಾಸಗಳಲ್ಲಿ ನ್ಯಾಯಾಧೀಶರು ನೋಡಿದ್ದ ವಿಷಯ ಉಳಿದಿರಲಿಲ್ಲ. ದೇಶದ ಅತ್ಯುನ್ನತ ನ್ಯಾಯಪೀಠದ ಅಡಿಟಿಪ್ಪಣಿಗಳ ಗತಿಯೇ ಹೀಗಿರುವಾಗ ಬೆಟ್ಟದ ಮೇಲಿನ ಸಂಶೋಧಕರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ.

ವಿಳಾಸ ತೆರೆಯದಿರುವುದು ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಇನ್ನೊಂದಿದೆ. ಪುಟ ಎಂದಿನಂತೆ ತೆರೆಯುತ್ತದೆ, ಆದರೆ ಒಳಗಿನ ಮಾತು ಬದಲಾಗಿರುತ್ತದೆ. ಕೋಷ್ಟಕವನ್ನು ತಿದ್ದಿರಬಹುದು, ಒಂದು ವಾಕ್ಯವನ್ನು ತೆಗೆದಿರಬಹುದು. ಓದುಗನು ಅಲ್ಲಿಗೆ ಹೋಗಿ, ಪ್ರಬಂಧದಲ್ಲಿ ಹೇಳಿದ್ದು ಅಲ್ಲಿ ಇಲ್ಲವೆಂದು ಕಂಡು, ಬರೆದವರೇ ತಪ್ಪಿದರೆಂದು ತಿಳಿಯುತ್ತಾನೆ. ಆದುದರಿಂದ ಜಾಲಪುಟವನ್ನು ಉಲ್ಲೇಖಿಸುವವರು ತಾವು ಏನನ್ನು ನೋಡಿದೆವು ಎಂಬುದರೊಡನೆ, ಅದು ಯಾವ ದಿನ ಹಾಗೆ ಇತ್ತು ಎಂಬುದನ್ನೂ ತೋರಿಸಬೇಕಾಗುತ್ತದೆ. ಈ ಸಾಕ್ಷಿಯು ಪ್ರಕಟಿಸಿದವರ ಕೈಯಲ್ಲಿಯೂ ಇರಬಾರದು, ಪ್ರಬಂಧ ಬರೆದವರ ಕೈಯಲ್ಲಿಯೂ ಇರಬಾರದು. ಮೂರನೆಯವರೊಬ್ಬರು ಕಾಯ್ದಿಟ್ಟಿರಬೇಕು.

ಆ ಮೂರನೆಯವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಟರ್ನೆಟ್ ಆರ್ಕೈವ್. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಲೋಕದ ಜಾಲಪುಟಗಳನ್ನು ದಿನಾಂಕ ಸಹಿತ ನಕಲು ಮಾಡಿ ಇರಿಸುತ್ತದೆ. 2001ರಿಂದ ವೇಬ್ಯಾಕ್ ಮಷೀನ್ ಎಂಬ ಹೆಸರಿನ ತಾಣದಲ್ಲಿ ಆ ನಕಲುಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಮಂಜೂರಿನ ಯುವತಿಯೂ ಅಲ್ಲಿಗೇ ಹೋದರು. ಹಳೆಯ ವಿಳಾಸದ ಮುಂದೆ ಸಂಗ್ರಹದ ವಿಳಾಸವನ್ನೂ ಒಂದು ನಕ್ಷತ್ರ ಚಿಹ್ನೆಯನ್ನೂ ಸೇರಿಸಿ ಬ್ರೌಸರಿನಲ್ಲಿ ಹೀಗೆ ಬರೆದರು:

```
https://web.archive.org/web/*/http://www.censusindia.gov.in/2011Census/Language-2011/Statement-1.pdf
```

ಹೀಗೆ ಕೇಳಿದಾಗ ಒಂದು ಪಂಚಾಂಗ ತೆರೆಯುತ್ತದೆ. ಆ ಪುಟವನ್ನು ನಕಲು ಮಾಡಿದ ದಿನಗಳ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ನೀಲಿ ಚುಕ್ಕೆಯೆಂದರೆ ಆ ದಿನ ಪುಟವು ದೊರೆಯಿತೆಂದು ಅರ್ಥ. ಹಸಿರೆಂದರೆ ತಾಣವು ಬೇರೊಂದು ವಿಳಾಸಕ್ಕೆ ತಿರುಗಿಸಿತು. ಕಿತ್ತಳೆಯೆಂದರೆ ಪುಟ ಸಿಗಲಿಲ್ಲ. ಕೆಂಪೆಂದರೆ ಆ ತಾಣದ ಸರ್ವರಿನಲ್ಲಿಯೇ ದೋಷವಿತ್ತು. ಇಷ್ಟನ್ನು ತಿಳಿದವರು ನೀಲಿ ಚುಕ್ಕೆಯನ್ನೇ ಆರಿಸುತ್ತಾರೆ. ಆದರೆ ನೀಲಿ ಚುಕ್ಕೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲವು ತಾಣಗಳು ಪುಟ ಇಲ್ಲದಿರುವಾಗಲೂ, ಅದು ಇಲ್ಲವೆಂದು ಸಂಕೇತದಲ್ಲಿ ತಿಳಿಸದೆ, “ಪುಟ ಲಭ್ಯವಿಲ್ಲ” ಎಂಬ ಬರಹವನ್ನೇ ಒಂದು ಸರಿಯಾದ ಪುಟದಂತೆ ಕಳುಹಿಸುತ್ತವೆ. ಯಂತ್ರವು ಅದನ್ನು ಪುಟವೆಂದೇ ಎಣಿಸಿ ನೀಲಿ ಚುಕ್ಕೆ ಇಡುತ್ತದೆ. ಆದುದರಿಂದ ಪ್ರತಿಯನ್ನು ತೆರೆದು, ತಮಗೆ ಬೇಕಾದ ಸಾಲು ಅಲ್ಲಿದೆಯೇ ಎಂದು ಕಣ್ಣಾರೆ ನೋಡುವುದು ಮೊದಲ ಕೆಲಸ.

ಎರಡನೆಯ ಕೆಲಸ, ಅದು ಯಾವ ದಿನದ ಪ್ರತಿ ಎಂದು ತಿಳಿಯುವುದು. ಪ್ರತಿಯನ್ನು ತೆರೆದಾಗ ಬ್ರೌಸರಿನ ಮೇಲುಭಾಗದಲ್ಲಿ ಕಾಣುವ ವಿಳಾಸದಲ್ಲಿ ಹದಿನಾಲ್ಕು ಅಂಕಿಗಳಿರುತ್ತವೆ. ಮಾದರಿಗಾಗಿ 20180815043000 ಎಂಬುದನ್ನು ತೆಗೆದುಕೊಳ್ಳೋಣ. ಮೊದಲ ನಾಲ್ಕು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಮತ್ತೆರಡು ದಿನ, ಉಳಿದ ಆರು ಗಂಟೆ, ನಿಮಿಷ, ಸೆಕೆಂಡು. ಇಲ್ಲಿ ಗಮನಿಸಬೇಕಾದುದೆಂದರೆ ಆ ಗಂಟೆ ನಮ್ಮದಲ್ಲ, ಅಂತರರಾಷ್ಟ್ರೀಯ ಸಮಯ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂಕಿಗಳು 20180815193000 ಎಂದಿದ್ದರೆ ಮಂಜೂರಿನಲ್ಲಿ ಆಗ ಆಗಸ್ಟ್ 16ರ ನಸುಕಿನ ಒಂದು ಗಂಟೆ. ದಿನಾಂಕವೇ ವಾದದ ವಿಷಯವಾಗಿರುವ ಪ್ರಬಂಧದಲ್ಲಿ ಈ ಒಂದು ದಿನದ ವ್ಯತ್ಯಾಸ ದೊಡ್ಡದಾಗಬಹುದು.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. ನಾವು ಕೇಳಿದ ಗಳಿಗೆಯ ಪ್ರತಿ ಸಂಗ್ರಹದಲ್ಲಿ ಇಲ್ಲದಿದ್ದರೆ, ತಾಣವು ಅದಕ್ಕೆ ಅತ್ಯಂತ ಹತ್ತಿರದ ಪ್ರತಿಗೆ ನಮ್ಮನ್ನು ಕೊಂಡೊಯ್ಯುತ್ತದೆ. ಹತ್ತಿರದ್ದು ಎಂದರೆ ಮರುದಿನದ್ದೂ ಆಗಬಹುದು, ಮೂರು ವರ್ಷದ ನಂತರದ್ದೂ ಆಗಬಹುದು. ಆದುದರಿಂದ ನಾವು ಟೈಪಿಸಿದ ಅಂಕಿಗಳನ್ನಲ್ಲ, ಪುಟ ತೆರೆದ ಮೇಲೆ ಕಾಣುವ ಅಂಕಿಗಳನ್ನೇ ಉಲ್ಲೇಖಕ್ಕೆ ಬರೆದುಕೊಳ್ಳಬೇಕು.

ಮೂರನೆಯ ಕೆಲಸವೇ ಮುಖ್ಯವಾದದ್ದು: ಸಿಕ್ಕಿದ ಪ್ರತಿಯನ್ನು ಪರೀಕ್ಷಿಸುವುದು. ಜನಗಣತಿಯ ಈ ಕೋಷ್ಟಕವು ಅದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ‘ಕನ್ನಡ’ ಎಂಬ ಹೆಸರು ಎರಡು ಕಡೆ ಬರುತ್ತದೆ. ಮೊದಲನೆಯದು ಭಾಷೆಯ ಹೆಸರಾಗಿ. ಅದರ ಎದುರು 4,37,06,512 ಎಂದಿದೆ. ಅದರ ಕೆಳಗೆ, ಆ ಭಾಷೆಯೊಳಗೆ ಸೇರಿಸಿದ ಮಾತೃಭಾಷೆಗಳ ಪಟ್ಟಿ ಇದೆ. ಅಲ್ಲಿ ಬಡಗ 1,33,550, ಕನ್ನಡ 4,35,06,272, ಕುರುಬ ಅಥವಾ ಕುರುಂಬ 24,189, ಪ್ರಾಕೃತ 12,257, ಇತರ 30,244. ಇಡೀ ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನರು ಬರೆಸಿದ ಹೆಸರುಗಳೆಲ್ಲ ಆ ‘ಇತರ’ದಲ್ಲಿ ಅಡಗಿವೆ. ಈ ಐದನ್ನೂ ಕೂಡಿ ನೋಡಿದರೆ ಸರಿಯಾಗಿ 4,37,06,512 ಬರುತ್ತದೆ. ಯುವತಿಯು ಕಾಗದದ ಮೇಲೆ ಕೂಡಿ ನೋಡಿದರು. ಲೆಕ್ಕ ಹೊಂದಿದ್ದರಿಂದ ತಾವು ತೆರೆದ ಪ್ರತಿಯಲ್ಲಿ ಈ ಭಾಗ ಪೂರ್ಣವಾಗಿದೆಯೆಂದೂ, ತಾವು ಅಂಕಿಗಳನ್ನು ತಪ್ಪಿಲ್ಲದೆ ಇಳಿಸಿಕೊಂಡಿರುವೆವೆಂದೂ ಅವರಿಗೆ ನಿಶ್ಚಯವಾಯಿತು.

ಈ ಪರೀಕ್ಷೆಯಿಂದ ಅವರ ಪ್ರಬಂಧದಲ್ಲಿದ್ದ ಒಂದು ದೋಷವೂ ಹೊರಬಿತ್ತು. ಅವರು ಇನ್ನೊಂದು ಅಧ್ಯಾಯದಲ್ಲಿ, ಕನ್ನಡವನ್ನು ಮಾತೃಭಾಷೆಯಾಗಿ ಬರೆಸಿದವರು 4,37,06,512 ಎಂದೂ, ಬಡಗದವರು ಅದಕ್ಕೆ ಹೊರತಾಗಿ 1,33,550 ಎಂದೂ ಬರೆದಿದ್ದರು. ಅಂದರೆ ಬಡಗದವರನ್ನು ಎರಡು ಬಾರಿ ಎಣಿಸಿದಂತಾಗಿತ್ತು. ಮೂಲ ಕೋಷ್ಟಕವು ಕಣ್ಣೆದುರಿಗೆ ಇಲ್ಲದಿದ್ದಾಗ ಟಿಪ್ಪಣಿ ಪುಸ್ತಕದ ಎರಡು ಬಿಡಿ ಸಂಖ್ಯೆಗಳು ಹೀಗೆ ದಾರಿ ತಪ್ಪಿಸಿದ್ದವು. ಹಿರಿಯರು ಕೇಳಿದ್ದು ಕೊಂಡಿಯನ್ನು. ಕೊಂಡಿಯನ್ನು ಹುಡುಕಿ ಹೋದುದರಿಂದ ಸರಿಯಾದದ್ದು ವಾದ.

ಇನ್ನು ಉಲ್ಲೇಖವನ್ನು ಬರೆಯುವ ರೀತಿ. ಸಂಗ್ರಹದ ವಿಳಾಸವನ್ನು ಮಾತ್ರ ಕೊಟ್ಟರೆ, ಕೋಷ್ಟಕವನ್ನು ಪ್ರಕಟಿಸಿದ್ದು ಇಂಟರ್ನೆಟ್ ಆರ್ಕೈವ್ ಎಂಬ ಭ್ರಮೆ ಹುಟ್ಟುತ್ತದೆ. ಮೂಲ ವಿಳಾಸವನ್ನು ಮಾತ್ರ ಕೊಟ್ಟರೆ ಓದುಗನು ಮುಚ್ಚಿದ ಬಾಗಿಲಿನ ಎದುರು ನಿಲ್ಲುತ್ತಾನೆ. ಎರಡನ್ನೂ ಕೊಡಬೇಕು, ನಡುವೆ ಪ್ರತಿಯ ದಿನಾಂಕ ಇರಬೇಕು. ಮಂಜೂರಿನ ಪ್ರಬಂಧದಲ್ಲಿ ಅದು ಕೊನೆಗೆ ಈ ಕ್ರಮವನ್ನು ಪಡೆಯಿತು: ಮೊದಲಿಗೆ ಪ್ರಕಟಿಸಿದ ಕಚೇರಿಯ ಹೆಸರು, ಅಂದರೆ ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರ ಕಚೇರಿ, ಅನಂತರ ಪ್ರಕಟವಾದ ವರ್ಷ 2018, ಬಳಿಕ ಕೋಷ್ಟಕದ ಹೆಸರು ಮತ್ತು ಅದರಲ್ಲಿ ಕನ್ನಡದ ಕೆಳಗಿನ ಬಡಗ ಎಂಬ ಸಾಲು, ಆಮೇಲೆ ಮೂಲ ವಿಳಾಸ, ಕೊನೆಗೆ “ಸಂಗ್ರಹಿತ ಪ್ರತಿ, ಇಂಟರ್ನೆಟ್ ಆರ್ಕೈವ್” ಎಂದು ಬರೆದು ಪ್ರತಿಯ ದಿನಾಂಕ ಮತ್ತು ಪೂರ್ಣ ವಿಳಾಸ. ಆ ಪೂರ್ಣ ವಿಳಾಸದ ಆಕಾರ ಹೀಗಿರುತ್ತದೆ. ಇಲ್ಲಿರುವ ಹದಿನಾಲ್ಕು ಅಂಕಿಗಳು ಮೇಲೆ ಹೇಳಿದ ಮಾದರಿಯವೇ. ಬರೆಯುವವರು ತಾವು ತೆರೆದ ಪ್ರತಿಯ ಅಂಕಿಗಳನ್ನು ಹಾಕಬೇಕು.

```
https://web.archive.org/web/20180815043000/http://www.censusindia.gov.in/2011Census/Language-2011/Statement-1.pdf
```

ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂಬುದನ್ನು ಆಯಾ ವಿಶ್ವವಿದ್ಯಾನಿಲಯವೋ ಪತ್ರಿಕೆಯೋ ಅನುಸರಿಸುವ ಶೈಲಿ ನಿರ್ಧರಿಸುತ್ತದೆ. ಆದರೆ ಯಾರು, ಏನು, ಎಲ್ಲಿ ಇತ್ತು, ಯಾವ ದಿನದ ಪ್ರತಿ ಈಗ ಎಲ್ಲಿದೆ ಎಂಬ ನಾಲ್ಕು ಸಂಗತಿಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಕೋಷ್ಟಕವು ಹೊಸ ತಾಣದಲ್ಲಿ ಮತ್ತೆ ದೊರೆತರೆ ಆ ವಿಳಾಸವನ್ನೂ ಸೇರಿಸಬಹುದು. ಹಾಗೆಂದು ಹಳೆಯದನ್ನು ಅಳಿಸಬಾರದು. ಹಿಂದಿನ ಲೇಖನಗಳಲ್ಲಿ ಹಳೆಯ ವಿಳಾಸವನ್ನು ಕಂಡ ಓದುಗನು ಎರಡೂ ಒಂದೇ ಕೋಷ್ಟಕವೆಂದು ತಿಳಿಯುವುದು ಅದರಿಂದಲೇ.

ಇಲ್ಲಿಯವರೆಗೆ ಹೇಳಿದ್ದು, ಬೇರೆ ಯಾರೋ ನಕಲು ಮಾಡಿಟ್ಟಿದ್ದರಿಂದ ಬದುಕಿದ ಪುಟದ ಕಥೆ. ದೇಶದ ಜನಗಣತಿಯ ಕೋಷ್ಟಕಕ್ಕೆ ಓದುಗರು ಬಹಳ. ಹಾಗಾಗಿ ಅದರ ಪ್ರತಿ ದೊರೆಯುತ್ತದೆ. ಒಂದು ಹಟ್ಟಿಯ ಹಬ್ಬವನ್ನು ಕುರಿತ ಬರಹವನ್ನಾಗಲಿ, ಸಣ್ಣ ಸಂಘವೊಂದರ ಪುಟವನ್ನಾಗಲಿ ಯಂತ್ರವು ತಾನಾಗಿ ಹುಡುಕಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ಅಂಥ ಪುಟವನ್ನು ಓದಿದ ದಿನವೇ, ಉಲ್ಲೇಖಿಸುವೆನೆಂದು ಮನಸ್ಸಿಗೆ ಬಂದ ಗಳಿಗೆಯಲ್ಲಿಯೇ ಸಂಗ್ರಹಕ್ಕೆ ಒಪ್ಪಿಸಬೇಕು. ಅದಕ್ಕೆ ಈ ತಾಣವಿದೆ:

```
https://web.archive.org/save
```

ಇಲ್ಲಿ ಪುಟದ ವಿಳಾಸವನ್ನು ಕೊಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಹದಿನಾಲ್ಕು ಅಂಕಿಗಳುಳ್ಳ ಹೊಸ ವಿಳಾಸ ದೊರೆಯುತ್ತದೆ. ಅದನ್ನು ತೆರೆದು, ಮೇಲೆ ಹೇಳಿದಂತೆ ಪರೀಕ್ಷಿಸಿ, ಆಗಲೇ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಪ್ರಬಂಧ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಮಾಡಿದರಾಯಿತು ಎಂದು ತಡೆದರೆ, ಮೂರು ವರ್ಷದಲ್ಲಿ ಎಷ್ಟು ಪುಟಗಳು ಬದಲಾಗಿರುತ್ತವೆಯೋ ಹೇಳಲಾಗದು. ಆಗ ಸಿಗುವ ಪ್ರತಿಯು ನಾವು ಓದಿದ ದಿನದ್ದಾಗಿರುವುದಿಲ್ಲ.

ಈ ಉಪಾಯಕ್ಕೂ ಮಿತಿಗಳಿವೆ. ನಮ್ಮ ದೇಶದ ಕೆಲವು ಸರ್ಕಾರಿ ತಾಣಗಳು ಹೊರದೇಶದ ಗಣಕಗಳಿಂದ ಬರುವ ಕೋರಿಕೆಯನ್ನು ತಡೆಯುತ್ತವೆ. ಆಗ ಮಂಜೂರಿನಲ್ಲಿ ಚೆನ್ನಾಗಿ ತೆರೆಯುವ ಪುಟವೇ ಸಂಗ್ರಹದ ಯಂತ್ರಕ್ಕೆ ತೆರೆಯದು. ಉಳಿಸಲಾಗಲಿಲ್ಲ ಎಂಬ ಉತ್ತರ ಬರುತ್ತದೆ. ಒತ್ತಿದಂತೆಲ್ಲ ವಿವರ ತೋರಿಸುವ ನಕ್ಷೆಗಳದು ಇನ್ನೊಂದು ತೊಡಕು. ಅಳಿವಿನಂಚಿನ ಭಾಷೆಗಳನ್ನು ಕುರಿತು ಯುನೆಸ್ಕೊ ಸಂಸ್ಥೆಯು ಜಾಲದಲ್ಲಿ ಪ್ರಕಟಿಸಿದ ಭೂಪಟವು ಇಂಥದು. ಬಡಗವೂ ಅದರಲ್ಲಿ ಸೇರಿತ್ತು. ಚುಕ್ಕೆಯನ್ನು ಒತ್ತಿದ ಮೇಲಷ್ಟೇ ಸರ್ವರಿನಿಂದ ವಿವರ ಬರುವ ಪುಟವನ್ನು ಯಂತ್ರವು ನಕಲು ಮಾಡಿದಾಗ ನಕ್ಷೆಯ ಚೌಕಟ್ಟು ಉಳಿಯಬಹುದು, ವಿವರ ಉಳಿಯದೆ ಹೋಗಬಹುದು. ನಕಲು ಮಾಡಿದ ಕೂಡಲೆ ಅದನ್ನು ತೆರೆದು, ಚುಕ್ಕೆಯನ್ನು ಒತ್ತಿ ನೋಡಿದರೆ ಇದು ತಿಳಿಯುತ್ತದೆ.

ಇಂಥ ಸಂದರ್ಭಗಳಲ್ಲಿ ನಮ್ಮದೇ ಗಣಕದಲ್ಲಿ ಪ್ರತಿ ಮಾಡಿಕೊಳ್ಳಬೇಕಾಗುತ್ತದೆ. ಆರ್ಕೈವ್‌ವೆಬ್.ಪೇಜ್ ಎಂಬ ಉಚಿತ ಸಾಧನವನ್ನು ಬ್ರೌಸರಿಗೆ ಸೇರಿಸಿಕೊಂಡರೆ, ನಾವು ಪುಟದಲ್ಲಿ ಒತ್ತಿದ್ದನ್ನೂ ಅದಕ್ಕೆ ಬಂದ ಉತ್ತರವನ್ನೂ ಅದು ಒಂದೇ ಕಡತದಲ್ಲಿ ದಾಖಲಿಸುತ್ತದೆ. ನಮ್ಮ ಊರಿನಿಂದ ನಮ್ಮ ಬ್ರೌಸರೇ ಕೇಳುವುದರಿಂದ ಹೊರದೇಶದ ತಡೆಯೂ ಅಡ್ಡಬರದು. ಆದರೆ ಇಂಥ ಕಡತ ಬರೆದವರ ಕೈಯಲ್ಲಿಯೇ ಇರುವುದರಿಂದ ಸಾಕ್ಷಿಯಾಗಿ ಅದರ ತೂಕ ಕಡಿಮೆ. ಅದನ್ನು ಮಾರ್ಗದರ್ಶಕರಿಗೋ ಗ್ರಂಥಾಲಯಕ್ಕೋ ಒಪ್ಪಿಸಿ, ಯಾವ ದಿನ ಯಾರಲ್ಲಿ ಇಟ್ಟಿದೆ ಎಂದು ಅಡಿಟಿಪ್ಪಣಿಯಲ್ಲಿ ನಮೂದಿಸಿದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಕಾಯುವವನ ಮನೆಗೂ ಕಳ್ಳರು ಬರಬಹುದೆಂಬುದನ್ನೂ ಮರೆಯಬಾರದು. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವಿನ ಮೇಲೆಯೇ ಸೈಬರ್ ದಾಳಿ ನಡೆದು, ಇಡೀ ತಾಣವು ಹಲವು ದಿನ ಮುಚ್ಚಿತ್ತು. ಮತ್ತೆ ತೆರೆದಾಗಲೂ ಮೊದಲಿಗೆ ಹಳೆಯ ಪ್ರತಿಗಳನ್ನು ನೋಡಲಷ್ಟೇ ಸಾಧ್ಯವಾಯಿತು. ಹೊಸದಾಗಿ ಉಳಿಸುವ ಸೌಕರ್ಯ ತಡವಾಗಿ ಬಂತು. ಮೂಲ ವಿಳಾಸ, ಸಂಗ್ರಹದ ವಿಳಾಸ ಎರಡೂ ಅಡಿಟಿಪ್ಪಣಿಯಲ್ಲಿ ಇರಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ನಿರ್ಣಾಯಕವಾದ ಒಂದೆರಡು ಆಧಾರಗಳನ್ನು ಕಾಗದದ ಮೇಲೆ ಅಚ್ಚು ತೆಗೆದು ಪ್ರಬಂಧದ ಅನುಬಂಧದಲ್ಲಿ ಇರಿಸುವುದು ಹಳೆಯ ಪದ್ಧತಿಯಾದರೂ ಇಂದಿಗೂ ಗೊಡ್ಡಲ್ಲ. ಮಂಜೂರಿನ ಯುವತಿಯು ಕೋಷ್ಟಕದಲ್ಲಿ ಕನ್ನಡದ ಭಾಗವಿರುವ ಒಂದು ಪುಟವನ್ನು ಹಾಗೆಯೇ ಇರಿಸಿದರು.

ಕೊನೆಯದಾಗಿ, ಮುಂದಣ ದಿನಗಳ ಮಾತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಮುಂದಿನ ಎಣಿಕೆಗೆ 2027ರ ಮಾರ್ಚ್ 1ನ್ನು ಗೊತ್ತುಪಡಿಸಲಾಗಿದೆ. ಅದರ ಭಾಷಾ ಕೋಷ್ಟಕಗಳು ಹೊರಬಂದಾಗ, ಬಡಗದ ಸಂಖ್ಯೆ ಏರಿತೇ ಇಳಿಯಿತೇ, ಅದನ್ನು ಕನ್ನಡದ ಕೆಳಗೆ ಇರಿಸಿದರೇ ಬೇರೆಯಾಗಿ ಇರಿಸಿದರೇ ಎಂಬ ಪ್ರಶ್ನೆಗಳು ಈ ಬೆಟ್ಟದಲ್ಲಿ ಏಳುವುದು ಖಂಡಿತ. ಆ ದಿನ ಪಕ್ಕದಲ್ಲಿಟ್ಟು ಹೋಲಿಸಲು 2011ರ ಕೋಷ್ಟಕವೇ ಬೇಕು. ಅದರ ಬಗೆಗೆ ಯಾರೋ ಬರೆದ ಸಾಲು ಸಾಲದು. ಮಂಜೂರಿನ ಪ್ರಬಂಧವು ತಿದ್ದುಪಡಿಯಾಗಿ ಮತ್ತೆ ಆ ಹಿರಿಯರ ಕೈಸೇರಿದಾಗ, ಅವರು ಸಂಗ್ರಹದ ಕೊಂಡಿಯನ್ನು ತೆರೆದು, ಐದು ಸಂಖ್ಯೆಗಳನ್ನು ತಾವೂ ಒಮ್ಮೆ ಕೂಡಿ, ಅಂಚಿನಲ್ಲಿ ಬರೆದರು: “ನೋಡಿದೆ.”